ಸ್ಲೋಪ್ 88% ತೋರಿಸಿದರೆ ಎಲೆಕ್ಟ್ರೋಡ್ ಬದಲಿಸಲೇಬೇಕೇ?

ಪ್ರಶ್ನೆ: ದಿನಾ ಬೆಳಿಗ್ಗೆ ಪಿಎಚ್ ಮೀಟರನ್ನು 7 ಮತ್ತು 4 ಬಫರ್‌ಗಳಲ್ಲಿ ಕ್ಯಾಲಿಬ್ರೇಟ್ ಮಾಡುತ್ತೇನೆ. ಸ್ಲೋಪ್ 88% ಎಂದು ಬರುತ್ತಿದೆ. ಮಿಲಿವೋಲ್ಟ್ ನೋಡಿದರೆ ಬೆಳಿಗ್ಗೆ 7ರಲ್ಲಿ −14, 4ರಲ್ಲಿ +142. ಮಧ್ಯಾಹ್ನ ಅದೇ 7ರ ಬಫರ್‌ಗೆ ಹಾಕಿದರೆ 7.19 ತೋರಿಸುತ್ತದೆ, ಆಗ 7ರಲ್ಲಿ −24, 4ರಲ್ಲಿ +132. ರಾತ್ರಿ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಇಡುತ್ತೇನೆ, ಮರುದಿನ ಬೆಳಿಗ್ಗೆ ಮತ್ತೆ −15ರ ಹತ್ತಿರ ಬರುತ್ತದೆ. ಅಳೆಯುವುದು 8ರಿಂದ 8.5ರೊಳಗಿನ ನೀರಿನ ಮಾದರಿಗಳು. ಎಲೆಕ್ಟ್ರೋಡ್ ಹಾಳಾಗಿದೆಯೇ?

ಉತ್ತರ: ಮಿಲಿವೋಲ್ಟ್ ಅಂಕಿಗಳನ್ನು ಕೊಟ್ಟಿದ್ದು ಒಳ್ಳೆಯದಾಯಿತು. ಬರೀ ಪಿಎಚ್ ಅಂಕಿ ಕೊಟ್ಟಿದ್ದರೆ ಊಹೆಯಿಂದ ಮುಂದೆ ಹೋಗಲು ಆಗುತ್ತಿರಲಿಲ್ಲ. ಈ ನಾಲ್ಕು ಅಂಕಿಗಳಲ್ಲಿ ಒಂದಲ್ಲ, ಎರಡು ಬೇರೆ ಬೇರೆ ತೊಂದರೆಗಳು ಕಾಣುತ್ತಿವೆ. ನಿಮ್ಮ ಫಲಿತಾಂಶವನ್ನು ನಿಜವಾಗಿ ಕೆಡಿಸುತ್ತಿರುವುದು ನೀವು ಹೆದರಿರುವ 88% ಅಲ್ಲ, ಇನ್ನೊಂದು. ಎಲೆಕ್ಟ್ರೋಡ್ ಬದಲಿಸುವ ತೀರ್ಮಾನವನ್ನು ಒಂದೆರಡು ದಿನ ಮುಂದೂಡಿ.

ಮೊದಲು ಮೀಟರ್ ಒಳಗೆ ನಡೆಯುವ ಲೆಕ್ಕ ನೋಡೋಣ. ಮೀಟರಿಗೆ ಪಿಎಚ್ ಗೊತ್ತಿಲ್ಲ, ಅದು ಅಳೆಯುವುದು ವೋಲ್ಟೇಜ್ ಮಾತ್ರ. ಗಾಜಿನ ಬುಡ್ಡೆ ಮತ್ತು ರೆಫರೆನ್ಸ್ ಎಲೆಕ್ಟ್ರೋಡ್ ಇವುಗಳ ನಡುವಿನ ವ್ಯತ್ಯಾಸ ಆದರ್ಶ ಸ್ಥಿತಿಯಲ್ಲಿ ಪಿಎಚ್ 7ರಲ್ಲಿ ಸೊನ್ನೆ ಇರಬೇಕು. ಆಮ್ಲದ ಕಡೆಗೆ ಹೋದಂತೆ ಅದು ಧನವಾಗುತ್ತದೆ, ಕ್ಷಾರದ ಕಡೆಗೆ ಹೋದಂತೆ ಋಣವಾಗುತ್ತದೆ. ನರ್ನ್ಸ್ಟ್ ಸಮೀಕರಣದ ಪ್ರಕಾರ 25 ಡಿಗ್ರಿಯಲ್ಲಿ ಒಂದು ಪಿಎಚ್ ಬದಲಾವಣೆಗೆ 59.16 ಮಿಲಿವೋಲ್ಟ್. ಈ ಅಂಕಿ ತಾಪಮಾನದ ಜೊತೆ ಏರುತ್ತದೆ: 20 ಡಿಗ್ರಿಯಲ್ಲಿ 58.17, 30 ಡಿಗ್ರಿಯಲ್ಲಿ 60.15. ನಿಜವಾದ ಎಲೆಕ್ಟ್ರೋಡ್ ಎರಡು ರೀತಿಯಲ್ಲಿ ಆದರ್ಶದಿಂದ ಸರಿಯುತ್ತದೆ. 7ರಲ್ಲಿ ಸೊನ್ನೆ ಬರದೆ ಒಂದಿಷ್ಟು ಆಚೀಚೆ ನಿಲ್ಲುತ್ತದೆ, ಅದು ಆಫ್‌ಸೆಟ್. ಒಂದು ಪಿಎಚ್‌ಗೆ ಸಿಗುವ ಮಿಲಿವೋಲ್ಟ್ ಕಡಿಮೆಯಾಗುತ್ತದೆ, ಅದು ಸ್ಲೋಪ್. ತಕ್ಕಡಿಯ ಮುಳ್ಳು ಸೊನ್ನೆಯಲ್ಲಿ ನಿಲ್ಲದಿರುವುದು ಒಂದು ದೋಷ, ತೂಕದ ಕಲ್ಲೇ ಸವೆದಿರುವುದು ಇನ್ನೊಂದು ದೋಷ, ಇಲ್ಲಿಯೂ ಹಾಗೆಯೇ. ಎರಡು ಬಫರ್ ಬೇಕಾಗುವುದು ಇದಕ್ಕೇ. ಅಪರಿಚಿತಗಳು ಎರಡು ಇರುವಾಗ ಒಂದೇ ಬಿಂದುವಿನಿಂದ ಎರಡನ್ನೂ ಕಂಡುಹಿಡಿಯಲು ಆಗುವುದಿಲ್ಲ.

ನಿಮ್ಮ ಅಂಕಿಗಳನ್ನು ಇಟ್ಟು ನೋಡಿ. 25 ಡಿಗ್ರಿಯಲ್ಲಿ ಸಾಮಾನ್ಯ ಬಫರ್ ಜೋಡಿಯ ಬೆಲೆಗಳು 7.00 ಮತ್ತು 4.01, ಅಂತರ 2.99.

```
ಬೆಳಿಗ್ಗೆ:   (142 − (−14)) / 2.99 = 156 / 2.99 = 52.2 mV
          52.2 / 59.16 = 88.2%      ಆಫ್‌ಸೆಟ್ −14 mV

ಮಧ್ಯಾಹ್ನ:  (132 − (−24)) / 2.99 = 156 / 2.99 = 52.2 mV
          88.2%                     ಆಫ್‌ಸೆಟ್ −24 mV
```

ಸ್ಲೋಪ್ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಒಂದಿಷ್ಟೂ ಕದಲಿಲ್ಲ. ಎರಡೂ ಬಫರ್‌ಗಳಲ್ಲಿ ಅಂಕಿ ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ, 10 ಮಿಲಿವೋಲ್ಟ್ ಕೆಳಗೆ ಜಾರಿದೆ. ಹೀಗೆ ಇಡೀ ಗೆರೆ ಒಟ್ಟಾಗಿ ಸರಿದರೆ ಮೊದಲ ಅನುಮಾನ ರೆಫರೆನ್ಸ್ ಕಡೆಗೆ ಹೋಗಬೇಕು. ಗಾಜಿನ ಬುಡ್ಡೆ ಸೋತರೆ ಸಾಮಾನ್ಯವಾಗಿ ಗೆರೆಯ ಓರೆಯೇ ಬದಲಾಗುತ್ತದೆ, 4ರ ಬಫರ್‌ನಲ್ಲಿ ಒಂದಷ್ಟು, 7ರಲ್ಲಿ ಮತ್ತೊಂದಷ್ಟು ಸರಿಯುತ್ತದೆ. ನಿಮ್ಮಲ್ಲಿ ಸ್ಲೋಪ್ ತಗ್ಗಿರುವುದು ಹಳೆಯ ತೊಂದರೆ, ದಿನದೊಳಗೆ ಬದಲಾಗುತ್ತಿಲ್ಲ. ಆಫ್‌ಸೆಟ್ ಜಾರುವುದು ದಿನನಿತ್ಯದ ತೊಂದರೆ.

ಇವೆರಡರಲ್ಲಿ ಮಾದರಿಯ ಅಂಕಿಯನ್ನು ಯಾವುದು ಹೆಚ್ಚು ಕೆಡಿಸುತ್ತದೆ? ಸ್ಲೋಪ್ 88% ಎಂದು ತೋರಿಸಿದ ಮೀಟರ್ ಆ 88 ಪ್ರತಿಶತವನ್ನೇ ಲೆಕ್ಕದಲ್ಲಿ ಬಳಸಿಕೊಳ್ಳುತ್ತದೆ. ಬಫರ್‌ಗಳು ನಿಜಕ್ಕೂ 7.00 ಮತ್ತು 4.01 ಆಗಿದ್ದರೆ, ತಗ್ಗಿದ ಸ್ಲೋಪ್ ಮಾದರಿಯ ಪಿಎಚ್ ಅನ್ನು ತಪ್ಪು ಮಾಡುವುದಿಲ್ಲ. ಅದು ಎಲೆಕ್ಟ್ರೋಡ್ ಮುದಿಯಾಗಿದೆ ಎಂದೋ, ಬಫರ್ ಕೆಟ್ಟಿದೆ ಎಂದೋ ಹೇಳುವ ಒಂದು ಲಕ್ಷಣ ಅಷ್ಟೆ. ಆಫ್‌ಸೆಟ್ ಹಾಗಲ್ಲ. ಕ್ಯಾಲಿಬ್ರೇಶನ್ ಆದ ಮೇಲೆ 10 ಮಿಲಿವೋಲ್ಟ್ ಜಾರಿದರೆ ಮೀಟರಿಗೆ ಅದು ತಿಳಿಯುವುದೇ ಇಲ್ಲ. 10ನ್ನು 52.2ರಿಂದ ಭಾಗಿಸಿ: 0.19. ನೀವು ಮಧ್ಯಾಹ್ನ ಕಂಡ 7.19 ಇದೇ. ನಿಮ್ಮ 8.30ರ ನೀರು ಆ ಹೊತ್ತಿಗೆ 8.49 ಎಂದು ತೋರಿಸುತ್ತಿದೆ.

ಬಿಸಿಲೇರಿ ಕೋಣೆ ಬೆಚ್ಚಗಾದದ್ದು ಕಾರಣವಿರಬಹುದೇ ಎಂಬ ಅನುಮಾನ ಬರಬಹುದು. ಬಹುಮಟ್ಟಿಗೆ ಇಲ್ಲ. 7ರ ಬಫರ್ 25 ಡಿಗ್ರಿಯಲ್ಲಿ 7.00, 30 ಡಿಗ್ರಿಯಲ್ಲಿ 6.99. ತಾಪಮಾನ ಸ್ಲೋಪನ್ನು ಬದಲಿಸುತ್ತದೆ ನಿಜ, ಆದರೆ 7ರ ಸುತ್ತಮುತ್ತ ಸ್ಲೋಪಿನ ಬದಲಾವಣೆಗೆ ಬಲವೇ ಇಲ್ಲ, ಏಕೆಂದರೆ ಅಲ್ಲಿ ಗುಣಿಸುವ ಅಂತರ ಸೊನ್ನೆಯ ಹತ್ತಿರ. 10 ಡಿಗ್ರಿ ತಾಪಮಾನ ತಪ್ಪಾದರೂ 7ರಿಂದ ಒಂದು ಪಿಎಚ್ ದೂರದಲ್ಲಿ ಆಗುವ ತಪ್ಪು ಸುಮಾರು 0.03. ನಿಮ್ಮ 0.19ಕ್ಕೆ ಅದು ಸಾಲದು.

ಆಫ್‌ಸೆಟ್ ಜಾರುವುದು ಎಲ್ಲಿಂದ

ಕಾಂಬಿನೇಶನ್ ಎಲೆಕ್ಟ್ರೋಡ್‌ನಲ್ಲಿ ಬುಡ್ಡೆಯ ಸ್ವಲ್ಪ ಮೇಲೆ ಒಂದು ಸಣ್ಣ ಬಿಳಿ ಚುಕ್ಕೆ ಅಥವಾ ಉಂಗುರ ಕಾಣುತ್ತದೆ. ಅದು ಜಂಕ್ಷನ್, ಹೆಚ್ಚಾಗಿ ಸಿರಾಮಿಕ್. ಅದರ ಒಳಗೆ ಸಿಲ್ವರ್ ಕ್ಲೋರೈಡ್ ಲೇಪಿತ ಬೆಳ್ಳಿ ತಂತಿಯನ್ನು ಮುಳುಗಿಸಿಟ್ಟ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣವಿದೆ. ಈ ದ್ರಾವಣ ಜಂಕ್ಷನ್ ಮೂಲಕ ಬಹಳ ನಿಧಾನವಾಗಿ ಹೊರಕ್ಕೆ ಜಿನುಗುತ್ತಿರಬೇಕು. ಹೊರಕ್ಕೆ ಜಿನುಗುವುದು ನಿಂತರೆ ಹೊರಗಿನ ನೀರು ಒಳಕ್ಕೆ ಬರಲು ತೊಡಗುತ್ತದೆ. ಆಗ ಜಂಕ್ಷನ್ ರಂಧ್ರಗಳಲ್ಲಿ ಎಲೆಕ್ಟ್ರೋಲೈಟ್ ಬದಲು ನಿಮ್ಮ ಮಾದರಿಯೇ ತುಂಬಿಕೊಳ್ಳುತ್ತದೆ, ಅಲ್ಲಿ ಒಂದು ಹೊಸ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಅದನ್ನು ಜಂಕ್ಷನ್ ಪೊಟೆನ್ಶಿಯಲ್ ಎನ್ನುತ್ತಾರೆ. ಅದು ಒಂದೇ ಸಮ ಇದ್ದಿದ್ದರೆ ಕ್ಯಾಲಿಬ್ರೇಶನ್‌ನಲ್ಲಿ ಕಳೆದುಹೋಗುತ್ತಿತ್ತು; ಆದರೆ ಅದು ಮಾದರಿಯಿಂದ ಮಾದರಿಗೆ, ಗಂಟೆಯಿಂದ ಗಂಟೆಗೆ ಬದಲಾಗುತ್ತದೆ.

ಎಲೆಕ್ಟ್ರೋಲೈಟ್ ತೆಳುವಾಗುವುದು ಇನ್ನೊಂದು ದಾರಿ. ಬೆಳ್ಳಿ ತಂತಿಯ ವೋಲ್ಟೇಜ್ ಕ್ಲೋರೈಡ್ ಸಾಂದ್ರತೆಯನ್ನು ಅವಲಂಬಿಸಿದೆ. ಸಾಂದ್ರತೆ ಅರ್ಧಕ್ಕೆ ಇಳಿದರೆ ಸುಮಾರು 18 ಮಿಲಿವೋಲ್ಟ್ ಸರಿಯುತ್ತದೆ, ಅದೂ ಋಣದ ಕಡೆಗೆ, ಅಂದರೆ ಪಿಎಚ್ ಹೆಚ್ಚಾಗಿ ಕಾಣುವ ಕಡೆಗೆ. ನಿಮ್ಮ ಜಾರುವಿಕೆಯ ದಿಕ್ಕೂ ಅದೇ. ಆದರೆ ನೀವು ಬರೆದ ಒಂದು ಮಾತು ಇದಕ್ಕೆ ವಿರುದ್ಧ ಸಾಕ್ಷಿ: ಬೆಳಿಗ್ಗೆ ಮತ್ತೆ −15ಕ್ಕೆ ಮರಳುತ್ತದೆ. ಒಳಗಿನ ದ್ರಾವಣವೆಲ್ಲ ತೆಳುವಾಗಿದ್ದರೆ ಒಂದು ರಾತ್ರಿ ಹೊರಗಿಂದ 3 ಮೋಲಾರ್ ದ್ರಾವಣದಲ್ಲಿ ನಿಂತ ಮಾತ್ರಕ್ಕೆ ಅದು ಪೂರ್ತಿ ಸರಿಹೋಗುವುದಿಲ್ಲ; ದಿನದಿಂದ ದಿನಕ್ಕೆ −14, −17, −21 ಎಂದು ಒಂದೇ ದಿಕ್ಕಿಗೆ ಹೋಗುತ್ತಲೇ ಇರುತ್ತದೆ. ರಾತ್ರಿ ಸುಧಾರಿಸಿ ಹಗಲು ಕೆಡುವುದು ಜಂಕ್ಷನ್‌ನ ಗುಣ. ರಾತ್ರಿಯಿಡೀ ರಂಧ್ರಗಳಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಮತ್ತೆ ತುಂಬಿಕೊಳ್ಳುತ್ತದೆ, ಹಗಲು ಮಾದರಿಯ ನೀರು ಅದನ್ನು ತೊಳೆದುಹಾಕುತ್ತದೆ.

ಇದನ್ನು ಖಚಿತ ಮಾಡಿಕೊಳ್ಳಲು ಒಂದು ಸುಲಭ ಪರೀಕ್ಷೆ ಇದೆ. ನಿಮ್ಮ ಮಾದರಿಯ ನೀರಿನಲ್ಲಿ ಎಲೆಕ್ಟ್ರೋಡ್ ಇಟ್ಟು ಮೆಲ್ಲಗೆ ಕಲಕುತ್ತಾ ಅಂಕಿ ನಿಲ್ಲುವವರೆಗೆ ಕಾಯಿರಿ. ಆಮೇಲೆ ಕಲಕುವುದನ್ನು ನಿಲ್ಲಿಸಿ. ಅಂಕಿ 0.02ರೊಳಗೆ ನಿಂತರೆ ಜಂಕ್ಷನ್ ಚೆನ್ನಾಗಿದೆ. 0.05, 0.1 ಎಂದು ನೆಗೆದು ಕಲಕಿದಾಗ ಮತ್ತೆ ಹಿಂದಕ್ಕೆ ಬಂದರೆ ಜಂಕ್ಷನ್ ಕಟ್ಟಿಕೊಂಡಿದೆ, ಅಥವಾ ಆ ಎಲೆಕ್ಟ್ರೋಡ್‌ಗೆ ನಿಮ್ಮ ನೀರು ಹೊಂದುತ್ತಿಲ್ಲ. ಇದನ್ನೇ ಬಫರ್‌ನಲ್ಲಿ ಮಾಡಿದರೆ ಹಲವು ಸಲ ಏನೂ ಗೊತ್ತಾಗುವುದಿಲ್ಲ, ಬಫರ್‌ನಲ್ಲಿ ಅಯಾನುಗಳು ಸಾಕಷ್ಟಿರುವುದರಿಂದ ದೋಷ ಅಡಗಿಕೊಳ್ಳುತ್ತದೆ. ಪರೀಕ್ಷೆಯನ್ನು ಮಾದರಿಯಲ್ಲೇ ಮಾಡಿ.

ಜಂಕ್ಷನ್ ಶುಚಿಗೊಳಿಸುವ ಮೊದಲು ಮೂರು ಸಣ್ಣ ವಿಷಯ ನೋಡಿ, ಅರ್ಧಕ್ಕರ್ಧ ಪ್ರಕರಣಗಳು ಇಲ್ಲೇ ಮುಗಿಯುತ್ತವೆ. ಒಂದು, ಅಳೆಯುವಾಗ ತುಂಬುವ ತೂತಿನ ರಬ್ಬರ್ ಮುಚ್ಚಳ ತೆರೆದಿರಬೇಕು. ಮುಚ್ಚಿದ್ದರೆ ಒಳಗೆ ನಿರ್ವಾತ ಉಂಟಾಗಿ ಎಲೆಕ್ಟ್ರೋಲೈಟ್ ಹೊರಕ್ಕೆ ಬರುವುದಿಲ್ಲ. ಎರಡು, ಒಳಗಿನ ದ್ರಾವಣದ ಮಟ್ಟ ಬೀಕರಿನ ನೀರಿನ ಮಟ್ಟಕ್ಕಿಂತ ಕನಿಷ್ಠ 2–3 ಸೆಂಟಿಮೀಟರ್ ಮೇಲಿರಬೇಕು. ಕೆಳಗಿದ್ದರೆ ಹರಿವು ತಿರುಗಿ ಮಾದರಿ ಒಳಕ್ಕೆ ಬರುತ್ತದೆ. ಮೂರು, ಬುಡ್ಡೆಯ ಜೊತೆಗೆ ಜಂಕ್ಷನ್ ಕೂಡ ನೀರಿನಲ್ಲಿ ಮುಳುಗಿರಬೇಕು. ಸಣ್ಣ ಲೋಟದಲ್ಲಿ ಬುಡ್ಡೆಯ ತುದಿ ಮಾತ್ರ ತಾಗಿಸಿ ಅಳೆಯುವುದನ್ನು ಎಷ್ಟೋ ಕಡೆ ನೋಡುತ್ತೇವೆ. ಆಗ ಮೀಟರ್‌ನ ಮಂಡಲವೇ ಪೂರ್ಣವಾಗಿರುವುದಿಲ್ಲ.

ಇವೆಲ್ಲ ಸರಿಯಿದ್ದರೆ ಹಳೆಯ ಎಲೆಕ್ಟ್ರೋಲೈಟ್ ತೆಗೆದು ಹೊಸದು ತುಂಬಿ. ಸಣ್ಣ ಕೊಳವೆ ಸಿಕ್ಕಿಸಿದ ಸಿರಿಂಜ್‌ನಿಂದ ಹಳೆಯದನ್ನು ಪೂರ್ತಿ ಹೀರಿ ತೆಗೆಯಿರಿ, ಸ್ವಲ್ಪ ಹೊಸ ದ್ರಾವಣ ಹಾಕಿ ಅಲ್ಲಾಡಿಸಿ ಅದನ್ನೂ ಚೆಲ್ಲಿ, ಬಳಿಕ ತೂತಿನ ಕೆಳಗಿನವರೆಗೆ ತುಂಬಿ. ಯಾವ ದ್ರಾವಣ ಎಂಬುದನ್ನು ಎಲೆಕ್ಟ್ರೋಡ್ ಜೊತೆ ಬಂದ ಚೀಟಿಯಲ್ಲಿ ನೋಡಿ. ಸಿಂಗಲ್ ಜಂಕ್ಷನ್‌ಗೆ ಸಿಲ್ವರ್ ಕ್ಲೋರೈಡ್ ಬೆರೆಸಿದ ಪೊಟ್ಯಾಸಿಯಂ ಕ್ಲೋರೈಡ್ ಬೇಕಾಗುತ್ತದೆ, ಡಬಲ್ ಜಂಕ್ಷನ್‌ನ ಹೊರ ಕೋಣೆಗೆ ಸಾಮಾನ್ಯವಾಗಿ ಬೆಳ್ಳಿಯಿಲ್ಲದ ಪೊಟ್ಯಾಸಿಯಂ ಕ್ಲೋರೈಡ್. ಇವನ್ನು ಅದಲು ಬದಲು ಮಾಡಿದರೆ ಒಂದರಲ್ಲಿ ತಂತಿಯ ಲೇಪನ ಕರಗುತ್ತಾ ಹೋಗುತ್ತದೆ, ಇನ್ನೊಂದರಲ್ಲಿ ಬೆಳ್ಳಿ ಜಂಕ್ಷನ್‌ಗೆ ಬಂದು ಗಟ್ಟಿ ಕಟ್ಟುತ್ತದೆ. ನಿಮ್ಮದು ಜೆಲ್ ತುಂಬಿ ಸೀಲ್ ಮಾಡಿದ ಎಲೆಕ್ಟ್ರೋಡ್ ಆಗಿದ್ದರೆ ಈ ಹೆಜ್ಜೆ ಇಲ್ಲ. ಅಂಥದ್ದರಲ್ಲಿ ರೆಫರೆನ್ಸ್ ಕೆಟ್ಟರೆ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ.

ಕಟ್ಟಿಕೊಂಡ ಜಂಕ್ಷನ್‌ಗೆ ಮೊದಲ ಚಿಕಿತ್ಸೆ ಬಿಸಿ. 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡನ್ನು 50–60 ಡಿಗ್ರಿಗೆ ಬಿಸಿ ಮಾಡಿ ಎಲೆಕ್ಟ್ರೋಡ್ ತುದಿಯನ್ನು 10 ನಿಮಿಷ ಅದರಲ್ಲಿಡಿ, ಹಾಗೆಯೇ ಆರಲು ಬಿಡಿ. ಹರಳುಗಟ್ಟಿದ ಉಪ್ಪು ಕರಗಲು ಇಷ್ಟು ಸಾಕು. ಜಂಕ್ಷನ್ ಕಪ್ಪಗಿದ್ದರೆ ಅದು ಸಿಲ್ವರ್ ಸಲ್ಫೈಡ್. ಅದಕ್ಕೆ ಆಮ್ಲೀಯ ಥಯೋಯೂರಿಯಾ ದ್ರಾವಣ ಬೇಕು, ಕಪ್ಪು ಹೋಗುವವರೆಗೆ ಒಂದು ಗಂಟೆಯಾದರೂ ನೆನೆಸಿಡಬೇಕು; ಕೈಗವಸು ಹಾಕಿಕೊಳ್ಳಿ. ಎಣ್ಣೆ ಜಿಡ್ಡು ಅನಿಸಿದರೆ ಮೃದು ಸೋಪಿನ ನೀರು. ಪ್ರೋಟೀನ್ ಇರುವ ಮಾದರಿಗಳಿಗೆ ಆಮ್ಲದಲ್ಲಿ ಕರಗಿಸಿದ ಪೆಪ್ಸಿನ್ ಬಳಸುತ್ತಾರೆ, ನಿಮ್ಮ ನೀರಿಗೆ ಅದು ಬೇಕಾಗಲಾರದು. ಯಾವುದೇ ಶುಚಿಯ ಬಳಿಕ ಒಳಗಿನ ಎಲೆಕ್ಟ್ರೋಲೈಟ್ ಬದಲಿಸಿ, ಶೇಖರಣಾ ದ್ರಾವಣದಲ್ಲಿ ಒಂದು ಗಂಟೆಯಾದರೂ ಬಿಟ್ಟು ಆಮೇಲೆ ಕ್ಯಾಲಿಬ್ರೇಟ್ ಮಾಡಿ.

ನಿಮ್ಮ ನೀರಿನ ವಾಹಕತೆ ಸೆಂಟಿಮೀಟರಿಗೆ 100 ಮೈಕ್ರೋಸೀಮೆನ್ಸ್‌ಗಿಂತ ಕಡಿಮೆಯಿದ್ದರೆ ಮೇಲಿನ ಯಾವ ಶುಚಿಯೂ ಪೂರ್ತಿ ಫಲ ಕೊಡದಿರಬಹುದು. ಅಂಥ ತೆಳು ನೀರಿನಲ್ಲಿ ಒಳ್ಳೆಯ ಎಲೆಕ್ಟ್ರೋಡ್ ಕೂಡ ತೂರಾಡುತ್ತದೆ, ಜೊತೆಗೆ ನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಜವಾಗಿಯೇ ಪಿಎಚ್ ಬದಲಿಸಿಕೊಳ್ಳುತ್ತಿರುತ್ತದೆ. 100 ಮಿಲಿಲೀಟರ್ ಮಾದರಿಗೆ 0.3 ಮಿಲಿಲೀಟರ್ ಶುದ್ಧ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಹಾಕಿ ಅಳೆದು ನೋಡಿ. ಅಂಕಿ ಬೇಗ ನಿಂತರೆ ತೊಂದರೆ ಎಲೆಕ್ಟ್ರೋಡ್‌ನದಲ್ಲ, ನೀರಿನದು.

ಇನ್ನು ಆ 88%

ಸಾಮಾನ್ಯವಾಗಿ 95ರಿಂದ 102 ಪ್ರತಿಶತ ಒಳ್ಳೆಯ ಸ್ಲೋಪ್ ಎನ್ನುತ್ತಾರೆ, 90ರ ಕೆಳಗೆ ಬಂದರೆ ಎಚ್ಚರ. ಆದರೆ ಸ್ಲೋಪ್ ತಗ್ಗಿದೆ ಎಂದರೆ ಗಾಜು ಸತ್ತಿದೆ ಎಂದಲ್ಲ. ಆ ಅಂಕಿಯಲ್ಲಿ ಬಫರ್‌ನ ತಪ್ಪೂ ಸೇರಿರುತ್ತದೆ. ನನ್ನ ಮಟ್ಟಿಗೆ ಗಾಜಿನ ಮೇಲೆ ದೂರು ಹೊರಿಸುವ ಮೊದಲು ಬಫರ್ ಬಾಟಲಿಯ ಚೀಟಿಯನ್ನೇ ಓದಬೇಕು.

ಏಕೆಂದರೆ "7ರ ಬಫರ್" ಎಂದು ಕರೆಸಿಕೊಳ್ಳುವುದು ಎರಡು ಬಗೆ. ಒಂದು 25 ಡಿಗ್ರಿಯಲ್ಲಿ 7.00, ಇನ್ನೊಂದು 6.86. ಎರಡನೆಯದರ ಜೊತೆಗಾರ ಕ್ಷಾರ ಬಫರ್ 9.18, ಮೊದಲನೆಯದರದು 10.01. ಮೀಟರ್ ತಾನಾಗಿ ಬಫರ್ ಗುರುತಿಸುವ ಬಗೆಯದಾಗಿದ್ದರೆ ಅದರ ಸೆಟ್ಟಿಂಗ್‌ನಲ್ಲಿ ಯಾವ ಗುಂಪು ಆರಿಸಿದೆ ನೋಡಿ. ನಿಮ್ಮ ಬಾಟಲಿಯಲ್ಲಿರುವುದು 6.86 ಆಗಿದ್ದು ಮೀಟರ್ ಅದನ್ನು 7.00 ಎಂದು ತಿಳಿದಿದ್ದರೆ, ನಿಜವಾದ ಅಂತರ 2.99 ಅಲ್ಲ, 2.85. 156ನ್ನು 2.85ರಿಂದ ಭಾಗಿಸಿದರೆ 54.7, ಅಂದರೆ 92.5%. ಎಲೆಕ್ಟ್ರೋಡ್ ಒಮ್ಮೆಗೇ ನಾಲ್ಕು ಪ್ರತಿಶತ ಚೇತರಿಸಿಕೊಂಡಿತು. ಮಾದರಿಯ ಮೇಲೆ ಇದರ ಪರಿಣಾಮ ಕೂಡ ಸಣ್ಣದಲ್ಲ: ನಿಜವಾದ 8.30 ಬೆಳಿಗ್ಗೆಯೇ 8.51 ಎಂದು ಕಾಣುತ್ತದೆ.

ಚೀಟಿ ಸರಿಯಿದ್ದರೆ ಮುಂದಿನ ಅನುಮಾನ ಬಫರ್‌ನ ವಯಸ್ಸು ಮತ್ತು ಬಳಕೆ. ಒಂದೇ ಲೋಟದ 4ರ ಬಫರ್‌ಗೆ ದಿನಗಟ್ಟಲೆ ಅದ್ದುವುದು, ಬಳಸಿದ್ದನ್ನು ಬಾಟಲಿಗೆ ಮರಳಿ ಸುರಿಯುವುದು, 7ರಿಂದ ತೆಗೆದು ಸರಿಯಾಗಿ ತೊಳೆಯದೆ 4ಕ್ಕೆ ಹಾಕುವುದು, ಇವುಗಳಿಂದ 4.01 ಮೆಲ್ಲಗೆ ಮೇಲೇರುತ್ತದೆ. ಅದು 4.10 ಆಗಿದೆ ಎಂದಿಟ್ಟುಕೊಳ್ಳಿ: 156ನ್ನು 2.90ರಿಂದ ಭಾಗಿಸಿದರೆ 53.8, ಸುಮಾರು 91%. ಗಮನಿಸಿ, ಬಫರ್ ಇಷ್ಟು ಕೆಟ್ಟರೂ ಸ್ಲೋಪ್‌ನಲ್ಲಿ ಕಾಣುವುದು ಮೂರು ಪ್ರತಿಶತ ಮಾತ್ರ. ಆದ್ದರಿಂದ ನಿಮ್ಮ ಪೂರ್ತಿ 12 ಪ್ರತಿಶತ ನಷ್ಟವನ್ನು ಹಳೆಯ ಬಫರ್ ಒಂದರ ತಲೆಗೆ ಕಟ್ಟಲಾಗದು. ಹೊಸ ಬಾಟಲಿ ಒಡೆದು ಎರಡನ್ನೂ ಮತ್ತೆ ಅಳೆದು ನೋಡಿ. ಸ್ಲೋಪ್ 95ರ ಹತ್ತಿರ ಹೋದರೆ ವಿಚಾರಣೆ ಅಲ್ಲಿಗೆ ಮುಗಿಯಿತು.

ಹೋಗದಿದ್ದರೆ ಗಾಜಿಗೆ ಬರುವ ಮುನ್ನ ಕನೆಕ್ಟರ್ ನೋಡಿ. ಇದನ್ನು ಬಹಳ ಜನ ಮರೆಯುತ್ತಾರೆ. ಗಾಜಿನ ಬುಡ್ಡೆಯ ಒಳರೋಧ ನೂರಾರು ಮೆಗಾಓಮ್ ಇರುತ್ತದೆ. ಬಿಎನ್‌ಸಿ ಪ್ಲಗ್ ಒಳಗೆ ತೇವವೋ ಉಪ್ಪಿನ ಹನಿಯೋ ಸೇರಿ 1 ಗಿಗಾಓಮ್‌ನಷ್ಟು ಸೋರಿಕೆ ದಾರಿ ಮಾಡಿಕೊಂಡರೆ, 250 ಮೆಗಾಓಮ್ ಬುಡ್ಡೆಯ ವೋಲ್ಟೇಜ್‌ನಲ್ಲಿ ಮೀಟರಿಗೆ ತಲುಪುವುದು 1250ರಲ್ಲಿ 1000 ಪಾಲು, ಅಂದರೆ 80%. ಗಾಜು ನೂರಕ್ಕೆ ನೂರು ಸರಿಯಿದ್ದರೂ ಪರದೆಯ ಮೇಲೆ 80% ಬರುತ್ತದೆ! ಪ್ಲಗ್ ಮತ್ತು ಸಾಕೆಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಚೆನ್ನಾಗಿ ಒಣಗಿಸಿ, ಮತ್ತೆ ಅಳೆಯಿರಿ. ಮೀಟರ್ ಬೇರೆಯಾಗಿ ಪರೀಕ್ಷಿಸಲು ಎಲೆಕ್ಟ್ರೋಡ್ ಬಿಚ್ಚಿ, ಮೀಟರಿನ ಸಾಕೆಟ್‌ನ ನಡುವಿನ ತೂತನ್ನು ಹೊರಗಿನ ಲೋಹಕ್ಕೆ ಒಂದು ಸಣ್ಣ ತಂತಿಯಿಂದ ಜೋಡಿಸಿ mV ಮೋಡ್ ನೋಡಿ. ಸೊನ್ನೆಯ ಆಸುಪಾಸಿನಲ್ಲಿ ಅಲುಗಾಡದೆ ನಿಲ್ಲಬೇಕು. ಆಗಲೂ ಅಂಕಿ ಓಡಾಡುತ್ತಿದ್ದರೆ ದೋಷ ಮೀಟರಿನದೇ. ಈ ಪರೀಕ್ಷೆಯಲ್ಲಿ ಸೋರಿಕೆ ಕಾಣುವುದಿಲ್ಲ ಎಂಬುದು ನೆನಪಿರಲಿ, ಸೊನ್ನೆಯಿಂದ ಸೋರಿ ಹೋಗಲು ಏನೂ ಇರುವುದಿಲ್ಲ.

ಬುಡ್ಡೆಯಲ್ಲಿ ಸೀಳು ಬಿದ್ದಿದ್ದರೆ ಲಕ್ಷಣ ಬೇರೆ. ಆಗ 4ರಲ್ಲೂ 7ರಲ್ಲೂ ಹೆಚ್ಚುಕಮ್ಮಿ ಒಂದೇ ಮಿಲಿವೋಲ್ಟ್ ಬರುತ್ತದೆ. ನಿಮ್ಮಲ್ಲಿ 156ರ ಅಂತರವಿದೆ, ಆದ್ದರಿಂದ ಸೀಳಿಲ್ಲ.

ಕೊನೆಗೆ ಗಾಜು. ಅದರ ಹೊರ ಮೈಯಲ್ಲಿ ನೀರು ಹೀರಿ ಉಬ್ಬಿದ ಬಹು ತೆಳ್ಳನೆಯ ಪದರವೊಂದಿದೆ, ಹೈಡ್ರೋಜನ್ ಅಯಾನುಗಳಿಗೆ ಸ್ಪಂದಿಸುವುದು ಅದೇ. ಒಣಗಿದರೆ ಪದರ ಕುಗ್ಗುತ್ತದೆ, ಸುಣ್ಣ ಕಟ್ಟಿದರೆ ಮುಚ್ಚಿಹೋಗುತ್ತದೆ. 8ರ ಮೇಲಿನ ನೀರನ್ನು ದಿನಾ ಅಳೆಯುವ ಬುಡ್ಡೆಯ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಕೂರುವುದು ಸಹಜ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 15–30 ನಿಮಿಷ ಇಟ್ಟು, ತೊಳೆದು, 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಒಂದು ಗಂಟೆ ನೆನೆಸಿ. ಒಣಗಿಬಿಟ್ಟಿದ್ದ ಬುಡ್ಡೆಗೆ ಒಂದಿಡೀ ರಾತ್ರಿ ನೆನೆಸುವುದು ಬೇಕು. ಡಿಸ್ಟಿಲ್ಡ್ ನೀರಿನಲ್ಲಿ ಮಾತ್ರ ಇಡಬೇಡಿ, ಅದು ಜಂಕ್ಷನ್‌ನಿಂದ ಉಪ್ಪನ್ನು ಎಳೆದುಕೊಳ್ಳುತ್ತದೆ. ಫ್ಲೋರೈಡ್ ಇರುವ ದ್ರಾವಣದಿಂದ ಗಾಜಿನ ಪದರ ಕೆತ್ತುವ ವಿಧಾನವೂ ಇದೆ. ಅದು ಚರ್ಮಕ್ಕೂ ಉಸಿರಿಗೂ ಅಪಾಯದ ವಸ್ತು. ಅಲ್ಲಿಯವರೆಗೆ ಹೋಗುವ ಬದಲು ಹೊಸ ಎಲೆಕ್ಟ್ರೋಡ್ ತರಿಸುವುದೇ ಲೇಸು.

ಕ್ಯಾಲಿಬ್ರೇಶನ್ ಮಾಡುವ ರೀತಿ ಬದಲಿಸಿ

ನೀವು ಅಳೆಯುವುದು 8ರಿಂದ 8.5, ಕ್ಯಾಲಿಬ್ರೇಟ್ ಮಾಡುವುದು 7 ಮತ್ತು 4ರಲ್ಲಿ. ಅಂದರೆ ಮಾದರಿ ನಿಮ್ಮ ಎರಡೂ ಬಿಂದುಗಳ ಹೊರಗಿದೆ. 4ರ ಬಫರ್‌ನ ತಪ್ಪೆಲ್ಲ ಆಚೆ ಬದಿಗೆ ಚಾಚಿಕೊಂಡು ಬರುತ್ತದೆ. ಎರಡು ಬಫರ್‌ಗಳ ನಡುವೆ ಮಾದರಿ ಬರುವಂತೆ 7 ಮತ್ತು 10 ಬಳಸಿ. 10ರ ಬಫರ್‌ಗೆ ಒಂದು ಕೆಟ್ಟ ಗುಣವಿದೆ. ತೆರೆದ ಲೋಟದಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕೆಳಗಿಳಿಯುತ್ತದೆ. ಬೇಕಾದಾಗ ಸುರಿದು, ಅಳೆದು, ಚೆಲ್ಲಿಬಿಡಿ. ಬಾಟಲಿಯ ಮುಚ್ಚಳ ತಕ್ಷಣ ಬಿಗಿಮಾಡಿ. ತಾಪಮಾನಕ್ಕೂ ಅದು ಬೇಗ ಬಾಗುತ್ತದೆ: 20 ಡಿಗ್ರಿಯಲ್ಲಿ 10.06, 25ರಲ್ಲಿ 10.01, 30ರಲ್ಲಿ 9.97. ಮೀಟರಿನಲ್ಲಿ ತಾಪಮಾನದ ಪ್ರೋಬ್ ಇಲ್ಲದಿದ್ದರೆ ಥರ್ಮಾಮೀಟರ್ ನೋಡಿ ಕೈಯಿಂದ ಹಾಕಿ.

ಮಾಡುವ ಕ್ರಮ ಹೀಗಿರಲಿ. ಬಫರ್, ಮಾದರಿ, ಎಲೆಕ್ಟ್ರೋಡ್ ಮೂರೂ ಕೋಣೆಯ ತಾಪಮಾನಕ್ಕೆ ಬರಲಿ. ಫ್ರಿಜ್‌ನಿಂದ ತೆಗೆದ ಬಫರ್‌ಗೆ ಅದ್ದಿದರೆ ಕೆಲವು ನಿಮಿಷ ಅಂಕಿ ಸುಮ್ಮನೆ ಓಡುತ್ತಿರುತ್ತದೆ, ಅದನ್ನೇ ಡ್ರಿಫ್ಟ್ ಎಂದು ತಪ್ಪು ತಿಳಿಯುತ್ತೇವೆ. ತುಂಬುವ ತೂತು ತೆರೆಯಿರಿ. ಬುಡ್ಡೆಯೊಳಗೆ ಗಾಳಿಗುಳ್ಳೆ ಕಂಡರೆ ಎಲೆಕ್ಟ್ರೋಡನ್ನು ತುದಿ ಕೆಳಗಾಗಿ ಹಿಡಿದು ಒಂದೆರಡು ಸಲ ಕೊಡವಿ. ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಟಿಶ್ಯೂ ತಾಗಿಸಿ ಹನಿ ಹೀರಿಸಿ, ತಿಕ್ಕಬೇಡಿ. ಗಾಜನ್ನು ತಿಕ್ಕಿದರೆ ಸ್ಥಿರ ವಿದ್ಯುತ್ ಸೇರಿ ಸ್ವಲ್ಪ ಹೊತ್ತು ಅಂಕಿ ಅಲೆಯುತ್ತದೆ. ಮುಂದಿನ ಬಫರ್‌ನಿಂದ ಒಂದು ಸಲ ತೊಳೆದು ಆ ತೊಳೆದ ನೀರು ಚೆಲ್ಲಿ, ಬಳಿಕ ಹೊಸದಾಗಿ ಸುರಿದ 30–40 ಮಿಲಿಲೀಟರ್‌ಗೆ ಹಾಕಿ. ಮೊದಲು 7, ಆಮೇಲೆ 10.

ಅಂಕಿ ನಿಂತಿತು ಎಂದು ಯಾವಾಗ ಒಪ್ಪಬೇಕು ಎಂಬುದರಲ್ಲೇ ಹೆಚ್ಚಿನವರು ಅವಸರ ಮಾಡುತ್ತಾರೆ. ಹಲವು ಮೀಟರ್‌ಗಳು "READY" ಎಂಬ ಸೂಚನೆಯನ್ನು ಬೇಗ ಕೊಟ್ಟುಬಿಡುತ್ತವೆ. mV ಮೋಡ್‌ನಲ್ಲಿ ಅರ್ಧ ನಿಮಿಷದಲ್ಲಿ 0.2–0.3 ಮಿಲಿವೋಲ್ಟ್‌ಗಿಂತ ಹೆಚ್ಚು ಬದಲಾಗದಿದ್ದರೆ ಒಪ್ಪಿ. ಒಳ್ಳೆಯ ಎಲೆಕ್ಟ್ರೋಡ್ ಬಫರ್‌ನಲ್ಲಿ ಒಂದು ನಿಮಿಷದೊಳಗೆ ಅಲ್ಲಿಗೆ ತಲುಪುತ್ತದೆ. ಎರಡು ಮೂರು ನಿಮಿಷ ಕಾದರೂ ನಿಲ್ಲದಿದ್ದರೆ, ಆ ನಿಧಾನವೇ ಸ್ಲೋಪ್‌ಗಿಂತ ಮೊದಲು ಸಿಗುವ ಎಚ್ಚರಿಕೆ. ಅವಸರದಲ್ಲಿ ಒಪ್ಪಿಕೊಂಡ ಬಿಂದು ಸ್ಲೋಪನ್ನು ಸುಳ್ಳಾಗಿ ತಗ್ಗಿಸುತ್ತದೆ, ಏಕೆಂದರೆ ಅಂಕಿ ಇನ್ನೂ ಹಿಂದಿನ ಬಫರ್‌ನ ಕಡೆಗೇ ಉಳಿದಿರುತ್ತದೆ.

ಕ್ಯಾಲಿಬ್ರೇಶನ್ ಮುಗಿದ ಮೇಲೆ 4.01ರ ಹೊಸ ಬಫರ್ ಅಳೆಯಿರಿ, ಕ್ಯಾಲಿಬ್ರೇಟ್ ಮಾಡಲು ಅಲ್ಲ, ಬರೀ ಓದಲು. ಅದು 0.05ರೊಳಗೆ ಬಂದರೆ ಎರಡೂ ಬದಿಯ ಸ್ಲೋಪ್ ಹೊಂದುತ್ತಿದೆ. 4ರ ಕಡೆ ಸರಿಯಿದ್ದು 10ರ ಕಡೆ ಮಾತ್ರ ಸ್ಲೋಪ್ ಕಡಿಮೆ ಕಂಡರೆ ಮೊದಲ ಅನುಮಾನ 10ರ ಬಫರ್‌ನ ಮೇಲೆ. ಇಲ್ಲಿ ಒಂದು ಹೊಸ ಬಾಟಲಿ ವಾರಗಟ್ಟಲೆ ತಲೆನೋವು ಉಳಿಸುತ್ತದೆ.

ಈಗ ನಿಮ್ಮ ಮುಂದಿನ ಎರಡು ದಿನದ ಕೆಲಸ. ಮೊದಲ ದಿನ ಬಫರ್ ಚೀಟಿ ಮತ್ತು ಸೆಟ್ಟಿಂಗ್ ನೋಡಿ, ಕನೆಕ್ಟರ್ ಒಣಗಿಸಿ, ಹೊಸ ಬಫರ್‌ನಲ್ಲಿ ಮಿಲಿವೋಲ್ಟ್ ಬರೆದುಕೊಳ್ಳಿ. ಸಂಜೆ ಆಮ್ಲದಲ್ಲಿ ಬುಡ್ಡೆ, ಬೆಚ್ಚಗಿನ ದ್ರಾವಣದಲ್ಲಿ ಜಂಕ್ಷನ್, ಆಮೇಲೆ ಹೊಸ ಎಲೆಕ್ಟ್ರೋಲೈಟ್, ರಾತ್ರಿ ನೆನೆಸು. ಎರಡನೇ ದಿನ ಬೆಳಿಗ್ಗೆ 7 ಮತ್ತು 10ರಲ್ಲಿ ಕ್ಯಾಲಿಬ್ರೇಟ್ ಮಾಡಿ, ಎರಡು ಗಂಟೆಗೊಮ್ಮೆ 7ರ ಬಫರ್‌ನಲ್ಲಿ ಮಿಲಿವೋಲ್ಟ್ ಮಾತ್ರ ಬರೆದಿಡಿ. ದಿನವಿಡೀ 2 ಮಿಲಿವೋಲ್ಟ್‌ನೊಳಗೆ ನಿಂತರೆ ನಿಮ್ಮ ಮಾದರಿಯ ತಪ್ಪು 0.04ರೊಳಗೇ ಇದೆ, ಸ್ಲೋಪ್ 90 ಬಂದರೂ ಈ ಎಲೆಕ್ಟ್ರೋಡನ್ನು ಇನ್ನಷ್ಟು ಕಾಲ ನಿಶ್ಚಿಂತೆಯಿಂದ ಬಳಸಬಹುದು. ಶುಚಿಯ ಬಳಿಕವೂ ಮಧ್ಯಾಹ್ನದೊಳಗೆ 5 ಮಿಲಿವೋಲ್ಟ್‌ಗಿಂತ ಹೆಚ್ಚು ಜಾರಿದರೆ, ಅಥವಾ ಆಫ್‌ಸೆಟ್ ±30 ದಾಟಿದರೆ, ಅಥವಾ ಹೊಸ ಬಫರ್‌ನಲ್ಲೂ ಸ್ಲೋಪ್ 90ರ ಕೆಳಗೇ ಉಳಿದರೆ ಹೊಸದು ತರಿಸಿ. ಹೊಸದು ಬರುವವರೆಗೆ ಹಳೆಯದರಲ್ಲೇ ಕೆಲಸ ನಡೆಸಬೇಕಾದರೆ, ಪ್ರತಿ ಹತ್ತು ಹನ್ನೆರಡು ಮಾದರಿಗೊಮ್ಮೆ 7ರ ಬಫರ್ ಒಂದರಲ್ಲೇ ಮತ್ತೆ ಕ್ಯಾಲಿಬ್ರೇಟ್ ಮಾಡಿ. ಒಂದು ಬಿಂದುವಿನ ಕ್ಯಾಲಿಬ್ರೇಶನ್ ಸರಿಪಡಿಸುವುದು ಆಫ್‌ಸೆಟನ್ನು ಮಾತ್ರ, ನಿಮ್ಮಲ್ಲಿ ಜಾರುತ್ತಿರುವುದೂ ಅದೇ. ಹಾಗೆ ಮಾಡುವಾಗ ಮೀಟರ್ ಹಳೆಯ ಸ್ಲೋಪನ್ನು ಉಳಿಸಿಕೊಳ್ಳುತ್ತದೆಯೇ ಎಂದು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ. ಕೆಲವು ಮೀಟರ್‌ಗಳು ಒಂದೇ ಬಿಂದು ಕೊಟ್ಟರೆ ಸ್ಲೋಪನ್ನು ಸದ್ದಿಲ್ಲದೆ 100% ಎಂದು ಇಟ್ಟುಬಿಡುತ್ತವೆ, ಆಗ ನಿಮ್ಮ 8.30 ಸುಮಾರು 8.15 ಎಂದು ಕಾಣುತ್ತದೆ.